ಯೂನಿಟರಿ ಮಾತೃಕೆಯ ಐಗನ್ ಮೌಲ್ಯಗಳು ವೃತ್ತದ ಮೇಲೆಯೇ ಏಕೆ?

ಯೂನಿಟರಿ ಮಾತೃಕೆ ಎಂದರೆ ಯಾವ ಸದಿಶವನ್ನು ಕೊಟ್ಟರೂ ಅದರ ಉದ್ದವನ್ನು ಕೆಡಿಸದೆ ಹಿಂದಿರುಗಿಸುವ ಮಾತೃಕೆ. ಸದಿಶದ ದಿಕ್ಕು ತಿರುಗಬಹುದು, ಅದರ ಅಂಶಗಳು ಒಂದರೊಳಗೊಂದು ಬೆರೆತು ಗುರುತೇ ಸಿಗದಂತಾಗಬಹುದು. ಉದ್ದ ಮಾತ್ರ ಕೂದಲೆಳೆಯಷ್ಟೂ ಹೆಚ್ಚು ಕಡಿಮೆಯಾಗುವುದಿಲ್ಲ. ಇಂಥ ಮಾತೃಕೆಯ ಪ್ರತಿಯೊಂದು ಐಗನ್ ಮೌಲ್ಯದ ನಿರಪೇಕ್ಷ ಮೌಲ್ಯವೂ 1 ಆಗಿರಲೇಬೇಕು ಎಂಬುದು ರೇಖೀಯ ಬೀಜಗಣಿತದ ಒಂದು ಹಳೆಯ ಪ್ರಮೇಯ. ಅದರ ಸಾಧನೆ ಎರಡೇ ಸಾಲಿನದು. ಆದರೆ ಆ ಎರಡು ಸಾಲು ಮನಸ್ಸಿಗೆ ಇಳಿಯಬೇಕಾದರೆ, ಸಂಕೀರ್ಣ ಸಂಖ್ಯೆಗಳಿಂದಾದ ಸದಿಶಕ್ಕೆ ಉದ್ದ ಎಂದರೆ ಏನು ಎಂಬುದು ಮೊದಲು ಸ್ಪಷ್ಟವಾಗಬೇಕು. ಈ ವಿಷಯದಲ್ಲಿ ಆಗುವ ತಪ್ಪುಗಳಲ್ಲಿ ಹೆಚ್ಚಿನವು ಅಲ್ಲಿಯೇ ಹುಟ್ಟುತ್ತವೆ.

ಸಂಕೀರ್ಣ ಸಂಖ್ಯೆಯ ರೂಪ a + bi. ಇಲ್ಲಿ a ಮತ್ತು b ಸಾಮಾನ್ಯ ವಾಸ್ತವ ಸಂಖ್ಯೆಗಳು. i ಎಂಬುದರ ವರ್ಗ −1. ಇಂಥ ಸಂಖ್ಯೆಯನ್ನು ಕಾಗದದ ಮೇಲೆ ಒಂದು ಚುಕ್ಕಿಯಾಗಿ ಗುರುತಿಸಬಹುದು: ನಡುವಿನ ಮೂಲಬಿಂದುವಿನಿಂದ ಬಲಕ್ಕೆ a ಅಳತೆ, ಅಲ್ಲಿಂದ ಮೇಲಕ್ಕೆ b ಅಳತೆ. ಈ ಚಿತ್ರಣವನ್ನು 1797ರಲ್ಲಿ ಕ್ಯಾಸ್ಪರ್ ವೆಸೆಲ್, 1806ರಲ್ಲಿ ಜ್ಯಾಂ ರೋಬೇರ್ ಆರ್ಗಾಂ ಬೇರೆ ಬೇರೆಯಾಗಿ ಮುಂದಿಟ್ಟರು. ಮೂಲಬಿಂದುವಿನಿಂದ ಚುಕ್ಕಿಗೆ ಇರುವ ದೂರವೇ ಆ ಸಂಖ್ಯೆಯ ನಿರಪೇಕ್ಷ ಮೌಲ್ಯ. ಪೈಥಾಗೊರಸನ ಪ್ರಮೇಯದ ಪ್ರಕಾರ ಅದು √(a² + b²). ಉದಾಹರಣೆಗೆ 3 + 4i ಎಂಬುದರ ನಿರಪೇಕ್ಷ ಮೌಲ್ಯ 5.

b ಯ ಚಿಹ್ನೆಯನ್ನು ತಿರುಗಿಸಿದರೆ ಸಿಗುವ a − bi ಎಂಬುದು ಮೊದಲ ಸಂಖ್ಯೆಯ ಸಂಯುಗ್ಮ. ಸಂಖ್ಯೆಯನ್ನು z ಎಂದು ಕರೆದರೆ ಸಂಯುಗ್ಮವನ್ನು ತಲೆಯ ಮೇಲೊಂದು ಗೆರೆ ಎಳೆದು z̄ ಎಂದು ಬರೆಯುತ್ತಾರೆ. ಎರಡನ್ನೂ ಗುಣಿಸಿದಾಗ i ಪೂರ್ತಿ ಮಾಯವಾಗಿ a² + b² ಉಳಿಯುತ್ತದೆ. ಅಂದರೆ ದೂರದ ವರ್ಗ ಸಿಗಬೇಕಾದರೆ ಸಂಖ್ಯೆಯನ್ನು ತನ್ನಿಂದಲೇ ಗುಣಿಸಿದರೆ ಸಾಲದು. ತನ್ನ ಸಂಯುಗ್ಮದಿಂದ ಗುಣಿಸಬೇಕು. ಮುಂದಿನ ಮಾತೆಲ್ಲ ಈ ಚಿಕ್ಕ ನಿಯಮದ ಮೇಲೆ ನಿಂತಿದೆ.

ನಿರಪೇಕ್ಷ ಮೌಲ್ಯ 1 ಇರುವ ಸಂಖ್ಯೆಗಳೆಲ್ಲ ಮೂಲಬಿಂದುವಿನ ಸುತ್ತ ಒಂದು ಅಳತೆಯ ತ್ರಿಜ್ಯದಲ್ಲಿ ಎಳೆದ ವೃತ್ತದ ಮೇಲೆ ಕೂರುತ್ತವೆ. ಇದನ್ನು ಏಕಮಾನ ವೃತ್ತ ಎನ್ನುತ್ತಾರೆ. 1, −1, i, −i ಎಲ್ಲವೂ ಅದರ ಮೇಲಿವೆ. (3 + 4i)/5 ಕೂಡ ಇದೆ. ಎರಡು ಸಂಕೀರ್ಣ ಸಂಖ್ಯೆಗಳನ್ನು ಗುಣಿಸುವಾಗ ಅವುಗಳ ದೂರಗಳು ಒಂದಕ್ಕೊಂದು ಗುಣಿಸಿಕೊಳ್ಳುತ್ತವೆ, ಕೋನಗಳು ಕೂಡಿಕೊಳ್ಳುತ್ತವೆ. ಆದ್ದರಿಂದ ವೃತ್ತದ ಮೇಲಿನ ಸಂಖ್ಯೆಯಿಂದ ಗುಣಿಸುವುದೆಂದರೆ ಹಿಗ್ಗಿಸದೆ, ಕುಗ್ಗಿಸದೆ ಬರಿದೇ ತಿರುಗಿಸುವುದು. i ಯಿಂದ ಗುಣಿಸಿದರೆ 90 ಡಿಗ್ರಿ ತಿರುವು, −1ರಿಂದ ಗುಣಿಸಿದರೆ 180 ಡಿಗ್ರಿ ತಿರುವು.

ಇನ್ನು ಸದಿಶಕ್ಕೆ ಬರೋಣ. ಎರಡು ಅಂಶಗಳ ಸದಿಶವನ್ನು (x, y) ಎಂದು ಬರೆಯಬಹುದು. x ಮತ್ತು y ಎರಡೂ ಸಂಕೀರ್ಣ ಸಂಖ್ಯೆಗಳಾಗಿರಬಹುದು. ಶಾಲೆಯಲ್ಲಿ ಕಲಿತ ಅಭ್ಯಾಸದಂತೆ ಉದ್ದದ ವರ್ಗವನ್ನು x² + y² ಎಂದು ಬರೆದರೆ ಕೂಡಲೇ ಎಡವಟ್ಟಾಗುತ್ತದೆ. (1, i) ಎಂಬ ಸದಿಶಕ್ಕೆ ಆ ಸೂತ್ರ ಕೊಡುವುದು 1 + i² = 0. ಸೊನ್ನೆಯಲ್ಲದ ಸದಿಶಕ್ಕೆ ಸೊನ್ನೆ ಉದ್ದ! (1, 2i) ಎಂಬುದಕ್ಕಂತೂ ಉದ್ದದ ವರ್ಗ −3 ಆಗಿಬಿಡುತ್ತದೆ. ಇದನ್ನು ಉದ್ದ ಎನ್ನುವಂತಿಲ್ಲ. ಪ್ರತಿ ಅಂಶವನ್ನೂ ಅದರ ಸಂಯುಗ್ಮದಿಂದ ಗುಣಿಸಿ ಕೂಡಿದಾಗ, ಅಂದರೆ |x|² + |y|² ಎಂದು ತೆಗೆದುಕೊಂಡಾಗ, ಎಲ್ಲವೂ ಸರಿಹೋಗುತ್ತದೆ. (1, i) ಎಂಬುದರ ಉದ್ದದ ವರ್ಗ 2, (1, 2i) ಎಂಬುದರದು 5. ಸೊನ್ನೆ ಸದಿಶವೊಂದನ್ನು ಬಿಟ್ಟು ಬೇರೆ ಯಾವುದರ ಉದ್ದವೂ ಸೊನ್ನೆಯಾಗುವುದಿಲ್ಲ.

ಇದನ್ನೇ ಅಡಕವಾಗಿ v*v ಎಂದು ಬರೆಯುವುದು ರೂಢಿ. v ಎಂಬುದು ಕಂಬಸಾಲಾಗಿ ನಿಲ್ಲಿಸಿದ ಸದಿಶ. ಅದನ್ನು ಅಡ್ಡಸಾಲಾಗಿ ಮಲಗಿಸಿ, ಜೊತೆಗೆ ಪ್ರತಿ ಅಂಶದ ಸಂಯುಗ್ಮ ತೆಗೆದುಕೊಂಡರೆ ಸಿಗುವುದು v*. ಮಾತೃಕೆಗೂ ಇದೇ ನಿಯಮ: U ಎಂಬ ಮಾತೃಕೆಯ ಅಡ್ಡಸಾಲುಗಳನ್ನು ಕಂಬಸಾಲುಗಳಾಗಿಸಿ, ಎಲ್ಲ ಅಂಶಗಳ ಸಂಯುಗ್ಮ ತೆಗೆದರೆ U* ಸಿಗುತ್ತದೆ. ಎರಡು ಕೆಲಸಗಳೂ ಒಟ್ಟಿಗೆ ಆಗಬೇಕು, ಒಂದನ್ನು ಮಾಡಿ ಇನ್ನೊಂದನ್ನು ಬಿಡುವಂತಿಲ್ಲ. U*U ಎಂಬ ಗುಣಲಬ್ಧ ಏಕಮಾನ ಮಾತೃಕೆ I ಆದರೆ, ಅಂದರೆ ಕರ್ಣದ ಮೇಲೆ 1 ಮತ್ತು ಉಳಿದೆಡೆ 0 ಬಂದರೆ, U ಯೂನಿಟರಿ.

ಈ ವ್ಯಾಖ್ಯೆಯೂ ಉದ್ದ ಉಳಿಯುವುದೂ ಒಂದೇ ಎಂಬುದನ್ನು ನೋಡುವುದು ಸುಲಭ. ಗುಣಲಬ್ಧಕ್ಕೆ ನಕ್ಷತ್ರ ಹಾಕಿದಾಗ ಕ್ರಮ ಹಿಂದುಮುಂದಾಗುತ್ತದೆ: (Uv)* ಎಂದರೆ v*U*. ಆದ್ದರಿಂದ Uv ಯ ಉದ್ದದ ವರ್ಗ

(Uv)*(Uv) = v*U*Uv = v*v

ನಡುವಿನ U*U ಎಂಬುದು I ಆಗಿರುವುದರಿಂದ ಅದು ಸದ್ದಿಲ್ಲದೆ ಕಳಚಿಕೊಂಡಿತು. v ಯ ಉದ್ದದ ವರ್ಗವೇ ಉಳಿಯಿತು. ಎಲ್ಲ ಸದಿಶಗಳ ಉದ್ದವನ್ನೂ ಉಳಿಸುವ ಚೌಕ ಮಾತೃಕೆಗೆ U*U = I ಎಂಬುದು ತಾನಾಗಿ ಬರುತ್ತದೆ ಎಂದೂ ತೋರಿಸಬಹುದು.

ಉದಾಹರಣೆಗೆ ದ್ಯುತಿವಿಜ್ಞಾನದ ಪ್ರಯೋಗಾಲಯದಲ್ಲಿ ದಿನನಿತ್ಯ ಬಳಕೆಯಾಗುವ ಮಾತೃಕೆಯೊಂದನ್ನೇ ತೆಗೆದುಕೊಳ್ಳಬಹುದು. ಬೀಳುವ ಬೆಳಕಿನ ಅರ್ಧವನ್ನು ಪ್ರತಿಫಲಿಸಿ ಉಳಿದರ್ಧವನ್ನು ಆಚೆಗೆ ಬಿಟ್ಟುಕೊಡುವ ಗಾಜಿಗೆ ಬೀಮ್ ಸ್ಪ್ಲಿಟರ್ ಎಂಬ ಹೆಸರಿದೆ. ಅದರ ಎರಡು ಬದಿಗಳಿಂದ ಎರಡು ಬೆಳಕಿನ ಕಿರಣಗಳು ಬರಬಹುದು, ಎರಡು ದಾರಿಗಳಲ್ಲಿ ಹೊರಹೋಗಬಹುದು. ಪ್ರತಿ ಕಿರಣಕ್ಕೂ ಒಂದು ಸಂಕೀರ್ಣ ಸಂಖ್ಯೆ: ಅದರ ನಿರಪೇಕ್ಷ ಮೌಲ್ಯ ಅಲೆಯ ಎತ್ತರವನ್ನೂ, ಕೋನವು ಅಲೆ ತನ್ನ ಏರಿಳಿತದ ಯಾವ ಹಂತದಲ್ಲಿದೆ ಎಂಬುದನ್ನೂ ಹೇಳುತ್ತದೆ. ನಿರಪೇಕ್ಷ ಮೌಲ್ಯದ ವರ್ಗ ಆ ಕಿರಣದ ತೀವ್ರತೆ. ಎರಡೂ ಬದಿ ಒಂದೇ ತೆರನಾಗಿರುವ, ಬೆಳಕನ್ನು ಹೀರದ ಗಾಜಿನಲ್ಲಿ ಪ್ರತಿಫಲಿಸಿದ ಅಲೆಗೂ ಆಚೆ ಸಾಗಿದ ಅಲೆಗೂ 90 ಡಿಗ್ರಿ ಅಂತರ ಇರುತ್ತದೆ. ಹಾಗಾಗಿ ಅದರ ಮಾತೃಕೆಯನ್ನು ಹೀಗೆ ಬರೆಯಬಹುದು:

```
U = (1/√2) × | 1  i |
             | i  1 |
```

ಕರ್ಣದ ಮೇಲಿನ 1 ಆಚೆ ಸಾಗಿದ ಭಾಗ, i ಪ್ರತಿಫಲಿಸಿದ ಭಾಗ. (x, y) ಎಂಬ ಸದಿಶ ಒಳಹೋದರೆ ಹೊರಬರುವುದು ((x + iy)/√2, (ix + y)/√2).

ಇದು ಯೂನಿಟರಿಯೇ ಎಂದು ಪರೀಕ್ಷಿಸಲು U* ಬೇಕು. ಅಡ್ಡಸಾಲು ಕಂಬಸಾಲುಗಳನ್ನು ಅದಲುಬದಲು ಮಾಡಿದರೆ ಈ ಮಾತೃಕೆ ಇದ್ದಂತೆಯೇ ಇರುತ್ತದೆ. ಸಂಯುಗ್ಮ ತೆಗೆದಾಗ i ಇದ್ದಲ್ಲಿ −i ಬರುತ್ತದೆ. U*U ಗುಣಿಸುವಾಗ ಕರ್ಣದ ಮೊದಲ ಅಂಶ ½(1·1 + (−i)·i) = ½(1 + 1) = 1. ಅದರ ಪಕ್ಕದ ಅಂಶ ½(1·i + (−i)·1) = 0. ಉಳಿದೆರಡೂ ಹೀಗೆಯೇ. ಗುಣಲಬ್ಧ I ಆಯಿತು. ಸಂಯುಗ್ಮ ತೆಗೆಯುವುದನ್ನು ಮರೆತು U ಯನ್ನು U ಯಿಂದಲೇ ಗುಣಿಸಿದ್ದರೆ ಕರ್ಣದ ಮೇಲೆ ½(1 + i²) = 0 ಬಂದು, ಮಾತೃಕೆ ಯೂನಿಟರಿ ಅಲ್ಲ ಎಂಬ ಸುಳ್ಳು ತೀರ್ಮಾನ ಸಿಗುತ್ತಿತ್ತು. ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಕಾಣುವ ಮಾಮೂಲಿ ತಪ್ಪು ಇದು.

ಉದ್ದ ಉಳಿಯುವುದನ್ನು ಅಂಕಿಗಳಲ್ಲೇ ನೋಡಬಹುದು. (3, 4) ಎಂಬ ಸದಿಶದ ಉದ್ದದ ವರ್ಗ 9 + 16 = 25. ಗಾಜನ್ನು ದಾಟಿದ ಮೇಲೆ ಅದು (3 + 4i)/√2 ಮತ್ತು (4 + 3i)/√2 ಆಗುತ್ತದೆ. ಒಂದೊಂದರ ನಿರಪೇಕ್ಷ ಮೌಲ್ಯದ ವರ್ಗ 25/2, ಕೂಡಿದರೆ ಮತ್ತೆ 25. ಈಗ ಎರಡನೆಯ ಕಿರಣದ ಹಂತವನ್ನು ಮಾತ್ರ 90 ಡಿಗ್ರಿ ತಿರುಗಿಸಿ (3, 4i) ಎಂದು ಕೊಟ್ಟರೆ ಫಲಿತಾಂಶ ಬೇರೆ. 3 + i·4i ಎಂದರೆ 3 − 4 = −1; 3i + 4i ಎಂದರೆ 7i. ಹೊರಬರುವುದು −1/√2 ಮತ್ತು 7i/√2. ತೀವ್ರತೆಗಳು 1/2 ಮತ್ತು 49/2. ಒಳಹೋದ ಕಿರಣಗಳ ತೀವ್ರತೆ ಎರಡು ಸಲವೂ 9 ಮತ್ತು 16 ಆಗಿದ್ದರೂ, ಮೊದಲ ಸಲ ಹೊರಬಂದದ್ದು ಸಮಪಾಲು, ಎರಡನೆಯ ಸಲ ಹೆಚ್ಚುಕಡಿಮೆ ಎಲ್ಲವೂ ಒಂದೇ ದಾರಿಗೆ. ಒಟ್ಟು ಮಾತ್ರ ಎರಡು ಸಲವೂ 25. ಬೆಳಕಿನ ಶಕ್ತಿ ಎಲ್ಲಿಗೂ ಸೋರಿಹೋಗಿಲ್ಲ, ಎಲ್ಲಿಂದಲೂ ಹೊಸದಾಗಿ ಬಂದಿಲ್ಲ ಎಂಬುದರ ಗಣಿತರೂಪವೇ U*U = I.

ಆ i ಇಲ್ಲದೆ ನಾಲ್ಕೂ ಕಡೆ 1 ಹಾಕಿದ್ದರೆ ಏನಾಗುತ್ತಿತ್ತು ಎಂಬುದನ್ನೂ ನೋಡಬೇಕು. ಮೇಲ್ನೋಟಕ್ಕೆ ಅದೂ ಅರ್ಧರ್ಧ ಹಂಚುವ ಮಾತೃಕೆಯಂತೆಯೇ ಕಾಣುತ್ತದೆ; (1, 0) ಎಂಬುದನ್ನು (1/√2, 1/√2) ಮಾಡುತ್ತದೆ. ಆದರೆ (1, 1) ಎಂಬುದನ್ನು ಕೊಟ್ಟರೆ (√2, √2) ಬರುತ್ತದೆ: ಒಳಹೋದ ಒಟ್ಟು ತೀವ್ರತೆ 2, ಹೊರಬಂದದ್ದು 4. (1, −1) ಎಂಬುದನ್ನು ಕೊಟ್ಟರೆ ಏನೂ ಹೊರಬರುವುದಿಲ್ಲ. ಇಂಥ ಗಾಜನ್ನು ಯಾರೂ ಮಾಡಲಾರರು. ಈ ಎರಡು ಸದಿಶಗಳನ್ನು ನೆನಪಿಟ್ಟುಕೊಳ್ಳಬೇಕು. ಮುಂದೆ ಇವೇ ಬೇಕಾಗುತ್ತವೆ.

ಮಾತೃಕೆಯು ಹೆಚ್ಚಿನ ಸದಿಶಗಳನ್ನು ಬೇರೆ ದಿಕ್ಕಿಗೆ ಹೊರಳಿಸುತ್ತದೆ. ಕೆಲವು ಸದಿಶಗಳು ಮಾತ್ರ ತಮ್ಮದೇ ಗುಣಕದೊಂದಿಗೆ ಹಿಂದಿರುಗುತ್ತವೆ: Uv = λv. ಹೀಗೆ ಹಿಂದಿರುಗುವ, ಸೊನ್ನೆಯಲ್ಲದ v ಯೇ ಐಗನ್ ಸದಿಶ. ಅದರ ಮುಂದೆ ಬಂದು ನಿಲ್ಲುವ λ ಎಂಬ ಸಂಖ್ಯೆಯೇ ಐಗನ್ ಮೌಲ್ಯ. ಗಾಜಿನ ಮಾತೃಕೆಯ ಐಗನ್ ಮೌಲ್ಯಗಳನ್ನು ಕಂಡುಹಿಡಿಯಲು ಕರ್ಣದ ಅಂಶಗಳಿಂದ λ ಕಳೆದು ನಿರ್ಧಾರಕವನ್ನು ಸೊನ್ನೆಗೆ ಸಮ ಮಾಡಬೇಕು:

(1/√2 − λ)² − (i/√2)² = 0

i² = −1 ಆದ್ದರಿಂದ ಎರಡನೆಯ ಪದ ಕೂಡುವ ½ ಆಗುತ್ತದೆ. ಅಂದರೆ (λ − 1/√2)² = −½. ವರ್ಗಮೂಲ ತೆಗೆದರೆ

λ = (1 + i)/√2 ಅಥವಾ λ = (1 − i)/√2

ಮೊದಲನೆಯದಕ್ಕೆ ಸೇರಿದ ಐಗನ್ ಸದಿಶ (1, 1). ಅದನ್ನು ಮಾತೃಕೆಗೆ ಕೊಟ್ಟರೆ ಎರಡೂ ಅಂಶಗಳು (1 + i)/√2 ಆಗಿ ಬರುತ್ತವೆ. ಎರಡನೆಯದಕ್ಕೆ ಸೇರಿದ್ದು (1, −1). ಅದರಿಂದ (1 − i)/√2 ಮತ್ತು −(1 − i)/√2 ಸಿಗುತ್ತವೆ. ಲೆಕ್ಕ ತಪ್ಪಿಲ್ಲವೆಂದು ಖಾತ್ರಿಪಡಿಸಿಕೊಳ್ಳಲು ಎರಡು ಸುಲಭದ ದಾರಿಗಳಿವೆ. ಐಗನ್ ಮೌಲ್ಯಗಳ ಮೊತ್ತ ಕರ್ಣದ ಅಂಶಗಳ ಮೊತ್ತಕ್ಕೆ ಸಮವಾಗಬೇಕು: ಎರಡೂ √2. ಅವುಗಳ ಗುಣಲಬ್ಧ ನಿರ್ಧಾರಕಕ್ಕೆ ಸಮವಾಗಬೇಕು: ಎರಡೂ 1.

ಇನ್ನು ನಿರಪೇಕ್ಷ ಮೌಲ್ಯ. (1 + i)/√2 ಎಂಬ ಚುಕ್ಕಿ ಮೂಲಬಿಂದುವಿನಿಂದ ಬಲಕ್ಕೆ 1/√2, ಮೇಲಕ್ಕೆ 1/√2. ದೂರದ ವರ್ಗ ½ + ½ = 1. ಇನ್ನೊಂದು ಅದರ ಪ್ರತಿಬಿಂಬದಂತೆ ಅಕ್ಷದ ಕೆಳಗಿದೆ, ಅದರ ದೂರವೂ 1. ಒಂದು ವೃತ್ತದ ಮೇಲೆ 45 ಡಿಗ್ರಿಯಲ್ಲಿ, ಇನ್ನೊಂದು −45 ಡಿಗ್ರಿಯಲ್ಲಿ ಕೂತಿದೆ. i ತೆಗೆದುಹಾಕಿದ ಆ ಅಸಾಧ್ಯದ ಗಾಜಿಗೂ ಐಗನ್ ಸದಿಶಗಳು (1, 1) ಮತ್ತು (1, −1) ಇವೇ. ಆದರೆ ಐಗನ್ ಮೌಲ್ಯಗಳು √2 ಮತ್ತು 0. ಒಂದು ವೃತ್ತದ ಹೊರಗೆ, ಇನ್ನೊಂದು ನಟ್ಟನಡುವೆ. ತೀವ್ರತೆ ಇಮ್ಮಡಿಯಾದದ್ದೂ ಪೂರ್ತಿ ಇಲ್ಲವಾದದ್ದೂ ಈ ಎರಡು ಸಂಖ್ಯೆಗಳಲ್ಲಿ ಅಡಗಿತ್ತು.

ಒಂದು ಉದಾಹರಣೆಯಲ್ಲಿ ಹೀಗಾದದ್ದು ಆಕಸ್ಮಿಕವಲ್ಲ ಎಂಬುದಕ್ಕೆ ಸಾಧನೆ ಬೇಕು. U ಯಾವುದೇ ಯೂನಿಟರಿ ಮಾತೃಕೆಯಾಗಿರಲಿ, ಎರಡು ಅಡ್ಡಸಾಲಿನದಾಗಲಿ ಇನ್ನೂರು ಅಡ್ಡಸಾಲಿನದಾಗಲಿ. λ ಅದರ ಒಂದು ಐಗನ್ ಮೌಲ್ಯವಾಗಿರಲಿ, v ಅದಕ್ಕೆ ಸೇರಿದ ಐಗನ್ ಸದಿಶವಾಗಿರಲಿ. Uv ಯ ಉದ್ದದ ವರ್ಗವನ್ನು ಎರಡು ರೀತಿಯಲ್ಲಿ ಲೆಕ್ಕ ಹಾಕಬಹುದು. U ಯೂನಿಟರಿ ಆದ್ದರಿಂದ ಅದು v*v. ಆದರೆ Uv ಎಂದರೆ λv; ಅದರ ಉದ್ದದ ವರ್ಗ

(λv)*(λv) = λ̄λ v*v = |λ|² v*v

ಒಂದೇ ವಸ್ತುವಿನ ಎರಡು ಲೆಕ್ಕಗಳು ಬೇರೆ ಬೇರೆಯಾಗಲಾರವು. ಆದ್ದರಿಂದ |λ|² v*v = v*v. ಐಗನ್ ಸದಿಶ ಸೊನ್ನೆಯಲ್ಲ, ಹಾಗಾಗಿ v*v ಎಂಬುದು ಸೊನ್ನೆಗಿಂತ ದೊಡ್ಡ ಸಂಖ್ಯೆ. ಅದರಿಂದ ಎರಡೂ ಕಡೆ ಭಾಗಿಸಿದರೆ |λ|² = 1, ಅಂದರೆ |λ| = 1. ಇಷ್ಟೇ ಸಾಧನೆ. ಮಾತೃಕೆಯ ಒಳಗೆ ಯಾವ ಸಂಖ್ಯೆಗಳಿವೆ, ಎಷ್ಟಿವೆ ಎಂಬುದನ್ನು ಅದು ಕೇಳುವುದೇ ಇಲ್ಲ. ಕೊನೆಯಲ್ಲಿ v*v ಯಿಂದ ಭಾಗಿಸಿದ ಹೆಜ್ಜೆಯನ್ನು ಗಮನಿಸಬೇಕು. ಉದ್ದವನ್ನು ಸಂಯುಗ್ಮವಿಲ್ಲದೆ x² + y² ಎಂದು ಬರೆದಿದ್ದರೆ (1, i) ಎಂಬಂಥ ಸದಿಶಕ್ಕೆ ಸೊನ್ನೆಯಿಂದ ಭಾಗಿಸಿದಂತಾಗುತ್ತಿತ್ತು.

ಸಂಯುಗ್ಮ ಮರೆತರೆ ಆಗುವ ಇನ್ನೊಂದು ಅನಾಹುತವೂ ಇಲ್ಲಿಯೇ ಇದೆ. λ̄λ ಎಂಬಲ್ಲಿ λ² ಎಂದು ಬರೆದರೆ λ² = 1 ಎಂದಾಗಿ, λ ಎಂದರೆ 1 ಅಥವಾ −1 ಮಾತ್ರ ಎಂಬ ತೀರ್ಮಾನ ಬರುತ್ತದೆ. ಗಾಜಿನ ಉದಾಹರಣೆ ಇದನ್ನು ಒಂದೇ ಏಟಿಗೆ ಸುಳ್ಳು ಮಾಡುತ್ತದೆ: (1 + i)/√2 ಎಂಬುದರ ವರ್ಗ 2i/2, ಅಂದರೆ i. ಅದು 1 ಅಲ್ಲ. ಪ್ರಮೇಯ ಹೇಳುವುದು ನಿರಪೇಕ್ಷ ಮೌಲ್ಯದ ಬಗ್ಗೆ ಮಾತ್ರ. ಕೋನವನ್ನು ಅದು ಕಟ್ಟಿಹಾಕುವುದಿಲ್ಲ. ವೃತ್ತದ ಮೇಲಿನ ಪ್ರತಿಯೊಂದು ಚುಕ್ಕಿಯೂ ಯಾವುದಾದರೊಂದು ಯೂನಿಟರಿ ಮಾತೃಕೆಯ ಐಗನ್ ಮೌಲ್ಯವಾಗಬಲ್ಲದು.

ಬರೀ ವಾಸ್ತವ ಸಂಖ್ಯೆಗಳಿರುವ ಮಾತೃಕೆಯಲ್ಲೂ ಸಂಕೀರ್ಣ ಐಗನ್ ಮೌಲ್ಯ ತಪ್ಪಿದ್ದಲ್ಲ. ಸಮತಲವನ್ನು 90 ಡಿಗ್ರಿ ತಿರುಗಿಸುವ ಮಾತೃಕೆ (x, y) ಎಂಬುದನ್ನು (−y, x) ಮಾಡುತ್ತದೆ. ಕಣ್ಣಿಗೆ ಕಾಣುವ ಯಾವ ದಿಕ್ಕೂ ಅಲ್ಲಿ ಇದ್ದಲ್ಲಿ ಇರುವುದಿಲ್ಲ. ಐಗನ್ ಮೌಲ್ಯಗಳು i ಮತ್ತು −i. ಇವೂ ವೃತ್ತದ ಮೇಲೆಯೇ. ಇಂಥ ವಾಸ್ತವ ಮಾತೃಕೆಗಳಿಗೆ ಲಾಂಬಿಕ ಮಾತೃಕೆ ಎಂದು ಹೆಸರು. ಅವುಗಳ ಐಗನ್ ಮೌಲ್ಯಗಳು ಏಕಮಾನ ವೃತ್ತದ ಮೇಲಿರುತ್ತವೆ ಎಂಬುದನ್ನು 1850ರ ದಶಕದಲ್ಲೇ ಇಟಲಿಯ ಫ್ರಾಂಚೆಸ್ಕೊ ಬ್ರಿಯೋಸ್ಕಿ ತೋರಿಸಿದ್ದರು.

ವೃತ್ತದ ಮೇಲಿರುವುದರ ಅರ್ಥ ಮಾತೃಕೆಯನ್ನು ಮತ್ತೆ ಮತ್ತೆ ಅನ್ವಯಿಸಿದಾಗ ಚೆನ್ನಾಗಿ ತಿಳಿಯುತ್ತದೆ. ಒಂದೇ ದಾರಿಯಿಂದ ಬೆಳಕು ಬಂದಾಗ ಸದಿಶ (1, 0). ಅದನ್ನು ಐಗನ್ ಸದಿಶಗಳಾಗಿ ಒಡೆದರೆ ½(1, 1) + ½(1, −1). ಒಂದೊಂದು ಸಲ ಗಾಜನ್ನು ದಾಟಿದಾಗಲೂ ಮೊದಲ ತುಂಡು 45 ಡಿಗ್ರಿ ಮುಂದಕ್ಕೆ, ಎರಡನೆಯ ತುಂಡು 45 ಡಿಗ್ರಿ ಹಿಂದಕ್ಕೆ ತಿರುಗುತ್ತದೆ. ಯಾವ ತುಂಡಿನ ಗಾತ್ರವೂ ಬದಲಾಗುವುದಿಲ್ಲ. ಎರಡು ಸಲ ದಾಟಿದ ಮೇಲೆ ಮೊದಲ ತುಂಡಿನ ಗುಣಕ i, ಎರಡನೆಯದರದು −i. ಎರಡನ್ನೂ ಕೂಡಿದರೆ ಮೊದಲ ದಾರಿಯಲ್ಲಿ ½(i − i) = 0, ಎರಡನೆಯ ದಾರಿಯಲ್ಲಿ ½(i + i) = i. ಒಂದು ದಾರಿ ಪೂರ್ತಿ ಕತ್ತಲು, ಬೆಳಕೆಲ್ಲ ಇನ್ನೊಂದರಲ್ಲಿ! ಲುಡ್ವಿಗ್ ಝೆಂಡರ್ 1891ರಲ್ಲಿ, ಲುಡ್ವಿಗ್ ಮಾಖ್ 1892ರಲ್ಲಿ ವಿವರಿಸಿದ ವ್ಯತಿಕರಣಮಾಪಕದಲ್ಲಿ ಎರಡು ಬೀಮ್ ಸ್ಪ್ಲಿಟರ್‌ಗಳನ್ನು ಒಂದರ ಹಿಂದೆ ಒಂದು ಇಟ್ಟು, ನಡುವಿನ ಎರಡು ದಾರಿಗಳ ಉದ್ದ ಸಮ ಮಾಡಿದಾಗ ಕಾಣುವುದು ಇದೇ. ಒಂದೊಂದು ಗಾಜೂ ಬೆಳಕನ್ನು ಅರ್ಧರ್ಧ ಹಂಚುತ್ತಿದ್ದರೂ ಎರಡೂ ಸೇರಿದಾಗ ಹಂಚಿಕೆಯೇ ಇಲ್ಲ. ಐಗನ್ ಮೌಲ್ಯಗಳ ಗಾತ್ರ ಇದರಲ್ಲಿ ಏನೂ ಮಾಡಿಲ್ಲ. ಕೆಲಸವೆಲ್ಲ ಅವುಗಳ ಕೋನಗಳ ನಡುವಿನ ಅಂತರದ್ದು. ನಾಲ್ಕು ಸಲ ದಾಟಿದರೆ ಎರಡೂ ತುಂಡುಗಳ ಗುಣಕ −1, ಎಂಟು ಸಲಕ್ಕೆ ಎರಡೂ 1. ಎಂಟನೆಯ ಸಲ ಮಾತೃಕೆ ಯಾವುದನ್ನೂ ಬದಲಿಸದ I ಆಗಿಬಿಟ್ಟಿರುತ್ತದೆ.

ವೃತ್ತದಿಂದ ಚೂರು ಸರಿದರೂ ಪರಿಣಾಮ ಬೇರೆಯಾಗುತ್ತದೆ. ಕಂಪ್ಯೂಟರಿನಲ್ಲಿ 1/√2 ಎಂಬುದರ ಬದಲು ಅಂದಾಜಿಗೆ 0.7 ಎಂದು ಹಾಕಿದೆವೆಂದುಕೊಳ್ಳೋಣ. ಐಗನ್ ಮೌಲ್ಯಗಳು 0.7(1 + i) ಮತ್ತು 0.7(1 − i) ಆಗುತ್ತವೆ. ಅವುಗಳ ನಿರಪೇಕ್ಷ ಮೌಲ್ಯದ ವರ್ಗ 0.98. ಒಂದು ಸಲಕ್ಕೆ ನೂರಕ್ಕೆ ಎರಡರಷ್ಟೇ ನಷ್ಟ, ಕಣ್ಣಿಗೆ ಬೀಳದಷ್ಟು. ಆದರೆ ನೂರು ಸಲ ಅನ್ವಯಿಸಿದರೆ ಉಳಿಯುವ ತೀವ್ರತೆ 0.98ರ ನೂರನೆಯ ಘಾತ, ಸುಮಾರು 0.13. ಇನ್ನೊಂದು ಕಡೆಗೆ ತಪ್ಪಿ 0.71 ಎಂದು ಹಾಕಿದರೆ ವರ್ಗ 1.0082, ನೂರು ಸಲಕ್ಕೆ ತೀವ್ರತೆ ಸುಮಾರು 2.26 ಪಟ್ಟು ಉಬ್ಬಿರುತ್ತದೆ. 0.7071 ಎಂದು ಹಾಕಿದರೆ ನೂರು ಸಲದ ನಂತರವೂ 0.998 ಉಳಿದಿರುತ್ತದೆ. ಅಲೆಗಳ ಚಲನೆಯನ್ನು ಹೆಜ್ಜೆ ಹೆಜ್ಜೆಯಾಗಿ ಲೆಕ್ಕ ಹಾಕುವವರು ಆಗಾಗ ಸದಿಶದ ಉದ್ದವನ್ನು ಅಳೆದು ನೋಡುವುದು ಇದಕ್ಕೇ. ಉದ್ದ ಒಂದೇ ಸಮನೆ ಇಳಿಯುತ್ತಿದ್ದರೆ ಅಥವಾ ಏರುತ್ತಿದ್ದರೆ ಮಾತೃಕೆ ಯೂನಿಟರಿಯಾಗಿ ಉಳಿದಿಲ್ಲ ಎಂದರ್ಥ. ನಿಜವಾದ ಗಾಜು ಸ್ವಲ್ಪ ಬೆಳಕನ್ನು ಹೀರುವುದರಿಂದ ಅದರ ಐಗನ್ ಮೌಲ್ಯಗಳೂ ವೃತ್ತದ ಒಳಗೇ ಬೀಳುತ್ತವೆ; ಮೇಲಿನ U ಒಂದು ಆದರ್ಶ ರೂಪ.

ಗಾಜಿನ ಉದಾಹರಣೆಯಲ್ಲಿ ಇನ್ನೊಂದು ಸಂಗತಿ ಮರೆಯಲ್ಲಿದೆ: (1, 1) ಮತ್ತು (1, −1) ಒಂದಕ್ಕೊಂದು ಲಂಬ. ಅಂಶಗಳನ್ನು ಸಂಯುಗ್ಮದೊಡನೆ ಗುಣಿಸಿ ಕೂಡಿದರೆ 1 − 1 = 0. ಇದೂ ಯೂನಿಟರಿ ಗುಣದ ಫಲವೇ. v ಯ ಐಗನ್ ಮೌಲ್ಯ λ, w ಯದು μ ಆಗಿದ್ದು ಎರಡೂ ಬೇರೆ ಬೇರೆ ಇರಲಿ. U ಉದ್ದವನ್ನಷ್ಟೇ ಅಲ್ಲ, v*w ಎಂಬ ಗುಣಲಬ್ಧವನ್ನೂ ಉಳಿಸುತ್ತದೆ; ಆದ್ದರಿಂದ v*w = λ̄μ v*w. v*w ಸೊನ್ನೆಯಲ್ಲದಿದ್ದರೆ λ̄μ = 1 ಆಗಬೇಕು. ಎರಡೂ ಕಡೆ λ ದಿಂದ ಗುಣಿಸಿದರೆ, λλ̄ ಎಂಬುದು 1 ಆದ್ದರಿಂದ, μ = λ ಎಂದಾಗುತ್ತದೆ. ಅವೆರಡೂ ಬೇರೆ ಎಂದು ಹೊರಟಿದ್ದರಿಂದ v*w ಸೊನ್ನೆಯೇ ಆಗಬೇಕು.

ಈ ಲಂಬತೆ ಇಲ್ಲದೆ ಪ್ರಮೇಯವನ್ನು ಹಿಂದುಮುಂದು ಮಾಡಿ ಓದಲಾಗದು. ಐಗನ್ ಮೌಲ್ಯಗಳೆಲ್ಲ ವೃತ್ತದ ಮೇಲಿದ್ದ ಮಾತ್ರಕ್ಕೆ ಮಾತೃಕೆ ಯೂನಿಟರಿಯಾಗಿಬಿಡುವುದಿಲ್ಲ. ಇದಕ್ಕೆ ಎರಡು ಮಾತೃಕೆಗಳು ಸಾಕ್ಷಿ:

```
A = | 1   1 |      B = | 1  1 |
    | 0  -1 |          | 0  1 |
```

A ಯ ಐಗನ್ ಮೌಲ್ಯಗಳು 1 ಮತ್ತು −1. ಎರಡೂ ವೃತ್ತದ ಮೇಲಿವೆ. ಆದರೂ A ಎಂಬುದು (0, 1) ಎಂಬ ಸದಿಶವನ್ನು (1, −1) ಮಾಡುತ್ತದೆ. ಉದ್ದ 1 ಇದ್ದದ್ದು √2 ಆಯಿತು. ಕಾರಣ ಅದರ ಐಗನ್ ಸದಿಶಗಳು (1, 0) ಮತ್ತು (1, −2). ಇವು ಒಂದಕ್ಕೊಂದು ಲಂಬವಲ್ಲ. ಒಂದೊಂದು ತುಂಡಿನ ಗಾತ್ರ ಬದಲಾಗದಿದ್ದರೂ, ಓರೆಯಾಗಿ ಸೇರಿಕೊಂಡಿರುವ ತುಂಡುಗಳು ತಿರುಗಿದಾಗ ಅವುಗಳ ಮೊತ್ತದ ಉದ್ದ ಬದಲಾಗುತ್ತದೆ. A ಯನ್ನು ಎರಡು ಸಲ ಅನ್ವಯಿಸಿದರೆ ಎಲ್ಲವೂ ಮೊದಲಿನ ಸ್ಥಿತಿಗೆ ಬರುವುದರಿಂದ ಹಾನಿ ಅಷ್ಟಕ್ಕೇ ನಿಲ್ಲುತ್ತದೆ. B ಯದು ಇನ್ನೂ ಕೆಟ್ಟ ಸ್ಥಿತಿ. ಅದಕ್ಕೆ 1 ಒಂದೇ ಐಗನ್ ಮೌಲ್ಯ, (1, 0) ಒಂದೇ ಐಗನ್ ದಿಕ್ಕು. (0, 1) ಎಂಬುದರ ಮೇಲೆ ಅದನ್ನು ನೂರು ಸಲ ಅನ್ವಯಿಸಿದರೆ (100, 1) ಸಿಗುತ್ತದೆ. ಹಾಗಾಗಿ ಪೂರ್ತಿ ನಿಯಮ ಹೀಗೆ: ಐಗನ್ ಮೌಲ್ಯಗಳೆಲ್ಲ ವೃತ್ತದ ಮೇಲಿರಬೇಕು, ಜೊತೆಗೆ ಒಂದಕ್ಕೊಂದು ಲಂಬವಾದ ಐಗನ್ ಸದಿಶಗಳು ಇಡೀ ಅವಕಾಶವನ್ನು ತುಂಬುವಷ್ಟು ಸಿಗಬೇಕು. ಎರಡೂ ಇದ್ದರೆ ಮಾತೃಕೆ ಯೂನಿಟರಿ. ಒಂದು ತಪ್ಪಿದರೂ ಅಲ್ಲ.

ಅಂಶಗಳ ಸಂಖ್ಯೆಗೆ ಕೊನೆಯೇ ಇಲ್ಲದಿದ್ದಾಗ ಮಾತ್ರ ಪ್ರಮೇಯಕ್ಕೆ ಹಿಡಿದುಕೊಳ್ಳಲು ಐಗನ್ ಮೌಲ್ಯವೇ ಸಿಗದೆ ಹೋಗಬಹುದು. ಎಡಕ್ಕೂ ಬಲಕ್ಕೂ ಅನಂತವಾಗಿ ಸಾಗುವ, ಆದರೆ ಒಟ್ಟು ಉದ್ದ ಸೀಮಿತವಾಗಿರುವ ಸಂಖ್ಯಾಸಾಲುಗಳನ್ನು ತೆಗೆದುಕೊಂಡು, ಪ್ರತಿ ಅಂಶವನ್ನೂ ಒಂದು ಸ್ಥಾನ ಬಲಕ್ಕೆ ಸರಿಸುವ ಕ್ರಿಯೆ ಉದ್ದವನ್ನು ಕೆಡಿಸುವುದಿಲ್ಲ; ಅದು ಯೂನಿಟರಿ. ಅದಕ್ಕೊಂದು ಐಗನ್ ಸದಿಶ ಇದ್ದಿದ್ದರೆ, ಎರಡು ಸಾಲಿನ ಅದೇ ಸಾಧನೆಯಂತೆ |λ| = 1 ಆಗಬೇಕಿತ್ತು. ಆಗ ಪಕ್ಕಪಕ್ಕದ ಅಂಶಗಳ ನಿರಪೇಕ್ಷ ಮೌಲ್ಯಗಳೆಲ್ಲ ಸಮವಾಗಿ, ಅವುಗಳ ವರ್ಗಗಳ ಮೊತ್ತ ಒಂದೋ ಸೊನ್ನೆ ಇಲ್ಲವೇ ಅನಂತ ಆಗುತ್ತಿತ್ತು. ಸೊನ್ನೆ ಸದಿಶ ಲೆಕ್ಕಕ್ಕಿಲ್ಲ, ಅನಂತ ಉದ್ದದ್ದು ಆ ಸಾಲುಗಳ ಗುಂಪಿಗೇ ಸೇರುವುದಿಲ್ಲ. ಆದ್ದರಿಂದ ಆ ಕ್ರಿಯೆಗೆ ಐಗನ್ ಮೌಲ್ಯ ಒಂದೂ ಇಲ್ಲ. ಸೀಮಿತ ಗಾತ್ರದ ಮಾತೃಕೆಗೆ ಈ ತೊಂದರೆ ಬಾರದು: ಅದರ ನಿರ್ಧಾರಕದಿಂದ ಬರುವ ಸಮೀಕರಣಕ್ಕೆ ಸಂಕೀರ್ಣ ಸಂಖ್ಯೆಗಳಲ್ಲಿ ಒಂದಾದರೂ ಪರಿಹಾರ ಇದ್ದೇ ಇರುತ್ತದೆ, ಯೂನಿಟರಿಯಾದರೆ ಆ ಪರಿಹಾರ ವೃತ್ತದ ಮೇಲೆಯೇ ಇರುತ್ತದೆ.